ಲೆಕ್ಕಕ್ಕೆ ಸಿಗದ ಎತ್ತುಗಳು

ಚಿತ್ರದುರ್ಗದಲ್ಲಿ ಹೋಬಳಿ ಮಟ್ಟದ ಸುದ್ದಿಗಾರರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ನಾನು ಆಡಿದ ಮಾತುಗಳಿವು. ಅವತ್ತು ಭಾಷಣ ಬೇಡ, ನಾನು ಬರೆದ ಒಂದು ಕತೆ ಹೇಳ್ತೀನಿ, ನಡುನಡುವೆ ನಿಲ್ಲಿಸಿ ಮಾತಾಡ್ತೀನಿ ಅಂದಿದ್ದೆ. ಬರಹದಲ್ಲಿ ಕೊಡಿ ಅಂತ ಆಮೇಲೆ ಕೆಲವರು ಕೇಳಿದರು. ಅವತ್ತು ಹೇಳಿದ ಹಾಗೇ ಇಲ್ಲಿ ಇಟ್ಟಿದ್ದೇನೆ.

ನಾನು ಬಹಳ ವರ್ಷ ದಾವಣಗೆರೆಯಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಹಳ್ಳಿಗಳಿಂದ ಬರುವ ಸುದ್ದಿ ತಿದ್ದುತ್ತಿದ್ದವನು. ನಿಮ್ಮಂಥವರು ಕಳಿಸಿದ್ದನ್ನೇ. ಈ ಕತೆಯ ಹುಡುಗ ಒಬ್ಬನೇ ಅಲ್ಲ, ನನ್ನ ಜೊತೆ ಫೋನಿನಲ್ಲಿ ಮಾತಾಡಿದ ನಾಲ್ಕೈದು ಜನ ಸೇರಿ ಆದವನು. ಊರಿಗೆ ಹೆಸರಿಟ್ಟಿಲ್ಲ. ಚಳ್ಳಕೆರೆಯ ಆ ಕಡೆ ಅಂದುಕೊಳ್ಳಿ, ಶೇಂಗಾ ಹೊಲ, ಕುರಿ, ಸೀಮೆಜಾಲಿ, ದೂರದಲ್ಲಿ ಗುಡ್ಡ. ಹುಡುಗನಿಗೆ ಮಾತ್ರ ಒಂದು ಹೆಸರು ಬೇಕಲ್ಲ, ತಿಪ್ಪೇಶ ಅಂತ ಇಟ್ಟಿದ್ದೇನೆ. ಆ ಕಡೆ ಕೂಗಿದರೆ ನಾಲ್ಕು ಜನ ತಿರುಗಿ ನೋಡುವ ಹೆಸರು ಅದು.

ತಿಪ್ಪೇಶನದು ಹೋಬಳಿ ಕೇಂದ್ರದಲ್ಲಿ ಒಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡ್ತಾನೆ, ಅರ್ಜಿ ತುಂಬಿಕೊಡ್ತಾನೆ. ಬೆಳಗ್ಗೆ ಐದೂವರೆ ಬಸ್ಸಿಗೆ ಬರುವ ಪತ್ರಿಕೆಯ ಬಂಡಲ್ ಇಳಿಸಿಕೊಂಡು ಅರವತ್ತು ಮನೆಗೆ ತಾನೇ ಹಾಕ್ತಾನೆ. ಸುದ್ದಿ ಕಳಿಸೋನೂ ಅವನೇ. ಯುಗಾದಿ, ದಸರಾ ಬಂದರೆ ಜಾಹೀರಾತು ಹಿಡಿಯೋನೂ ಅವನೇ. ನೇಮಕದ ಪತ್ರ ಇಲ್ಲ, ತಿಂಗಳಿಗೆ ಬರುವ ಗೌರವಧನ ಪೆಟ್ರೋಲಿಗೂ ಸಾಲಲ್ಲ. ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಒಂದು ದಿನ ಮಧ್ಯಾಹ್ನ ಅವನ ಅಂಗಡಿಗೆ ಒಬ್ಬ ತಾತ ಬಂದ. ಕಿಲಾರಿ. ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳನ್ನು ಕಾಯುವವನು. ಈ ಎತ್ತುಗಳ ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ಇವು ಯಾರ ಮನೆಯವೂ ಅಲ್ಲ, ದೇವರಿಗೆ ಬಿಟ್ಟವು. ಮುಳ್ಳಿನ ಬೇಲಿಯ ರೊಪ್ಪದಲ್ಲಿ ಇರುತ್ತವೆ, ಬಯಲಲ್ಲೇ ಮೇಯುತ್ತವೆ, ಬರ ಬಂದರೆ ಮೊದಲು ಸಾಯುವವೂ ಇವೇ.

ತಾತ ಹೇಳಿದ್ದು ಇಷ್ಟೇ. "ನಮ್ ದನ ಹೋಗೋ ದಾರಿಗೆ ತಂತಿ ಬಿಗಿದಾರೆ ಕಣಪ್ಪ. ಕಲ್ಲು ಕಂಬ ನೆಟ್ಟಾರೆ. ಒಂದ್ ಎತ್ತಿನ ಎದೆ ಸೀಳೈತೆ. ಅದು ಗೋಮಾಳ ಅಲ್ವಾ?"

ತಿಪ್ಪೇಶ ಸರ್ವೆ ನಂಬರ್ ಹಾಕಿ ಪಹಣಿ ತೆಗೆದ. ಕತೆಯಲ್ಲಿ ಅದು ಸರ್ವೆ ನಂಬರ್ 84, ಒಟ್ಟು 205 ಎಕರೆ. ಮೊದಲ ಹಾಳೆಯಲ್ಲಿ ಒಂಬತ್ತನೇ ಕಾಲಮ್ಮಿನಲ್ಲಿ, ಅಂದರೆ ಮಾಲೀಕರ ಹೆಸರು ಬರುವ ಕಡೆ, ಸರ್ಕಾರಿ ಗೋಮಾಳ ಅಂತಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವನು ದಿನಾ ಪಹಣಿ ತೆಗೆಯುವವನು, ಹಿಸ್ಸಾ ಕೂಡ ನೋಡಿದ. 84ರ ಕೆಳಗೆ ಪಿ1, ಪಿ2, ಪಿ3 ಅಂತ ಹನ್ನೊಂದು ಪೈಕಿ ನಂಬರ್ ಸಾಲಾಗಿ ನಿಂತಿದ್ದವು. ಇಡೀ ಸರ್ವೆ ನಂಬರಿನಲ್ಲಿ ಯಾರಿಗಾದರೂ ಒಂದು ತುಂಡು ಮಂಜೂರಾಗಿ, ಅಳತೆ ಮಾಡಿ ಪೋಡಿ ಆಗುವ, ಅಂದರೆ ಆ ತುಂಡು ಬೇರೆ ನಂಬರ್ ಆಗುವ ತನಕ ಹೀಗೆ ಪಿ ನಂಬರ್ ಬರುತ್ತೆ. ಒಂದೊಂದೂ 4 ಎಕರೆ. ಹತ್ತನೇ ಕಾಲಮ್ಮಿನಲ್ಲಿ ಮ್ಯುಟೇಷನ್ ನಂಬರ್, ಹನ್ನೊಂದಕ್ಕೂ ಒಂದೇ ತಾರೀಖು, ನಂಬರ್ ಒಂದರ ಹಿಂದೆ ಒಂದು.

ಇಲ್ಲಿ ಒಂದು ಕ್ಷಣ ನಿಲ್ಲಿ. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ನಿಜವಾಗಿ ಉಳುಮೆ ಮಾಡಿಕೊಂಡು ಬಂದ ಬಡವರ ಬಗರ್ ಹುಕುಂ ಮಂಜೂರಾತಿ ಹೀಗೆ ಬರೋದು ಅಪರೂಪ. ಒಬ್ಬನ ಅರ್ಜಿ ಈ ವರ್ಷ ಆಗುತ್ತೆ, ಇನ್ನೊಬ್ಬನದು ಐದು ವರ್ಷ ಕೊಳೆಯುತ್ತೆ. ಒಬ್ಬನ ಹೊಲ ಹಳ್ಳದ ಪಕ್ಕ, ಇನ್ನೊಬ್ಬನದು ಗುಡ್ಡದ ಬುಡ. ಹನ್ನೊಂದು ತುಂಡು, ಒಂದೇ ಅಳತೆ, ಒಂದೇ ದಿನ, ಒಂದಕ್ಕೊಂದು ಅಂಟಿಕೊಂಡು 44 ಎಕರೆ ಆಗುತ್ತೆ ಅಂದರೆ ಹನ್ನೊಂದು ಹೆಸರಿನ ಹಿಂದೆ ಒಂದೇ ಕೈ ಇದೆ ಅಂತ ಅನುಮಾನ ಪಡಬೇಕು. ಅನುಮಾನ ಅಷ್ಟೇ, ಅದು ಇನ್ನೂ ಸುದ್ದಿ ಅಲ್ಲ.

ಹೆಸರುಗಳನ್ನು ಓದಿದಾಗ ತಿಪ್ಪೇಶನಿಗೆ ಬೆವರು ಬಂತು. ಊರಿನ ಸಾಹುಕಾರರ ಎಣ್ಣೆ ಮಿಲ್ಲಿನ ಹಮಾಲರು ಮೂವರು. ಒಬ್ಬ ಅವರ ಡ್ರೈವರ್. ಇನ್ನೊಬ್ಬ ಇವನ ಜೊತೆಗೇ ಓದಿದವನು. ನಮೂನೆ 57ರಲ್ಲಿ, ಅಂದರೆ 2018ರಲ್ಲಿ ಸರ್ಕಾರ ಕರೆದ ಬಗರ್ ಹುಕುಂ ಅರ್ಜಿಯಲ್ಲಿ, 2005ರ ಜನವರಿ 1ಕ್ಕಿಂತ ಮುಂಚೆಯಿಂದ ಸಾಗುವಳಿ ಮಾಡುತ್ತಿದ್ದೇನೆ ಅಂತ ತೋರಿಸಬೇಕು. 2004ರಲ್ಲಿ ಆ ಗೆಳೆಯ ತಿಪ್ಪೇಶನ ಪಕ್ಕದ ಬೆಂಚಿನಲ್ಲಿ ಏಳನೇ ಕ್ಲಾಸು ಓದುತ್ತಿದ್ದ.

ಅಷ್ಟಕ್ಕೇ ಬರೆದು ಕಳಿಸಲಿಲ್ಲ ಅವನು. ಇದು ನನಗೆ ಈ ಹುಡುಗನಲ್ಲಿ ಇಷ್ಟವಾದ ಗುಣ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ, ಮಂಜೂರಾತಿಯ ಇಡೀ ಕಡತದ ನಕಲು ಕೇಳಿದ. ಮೂವತ್ತು ದಿನದಲ್ಲಿ ಕೊಡಬೇಕು ಅಂತ ಕಾಯ್ದೆ ಹೇಳುತ್ತೆ. ಅವನಿಗೆ ಸಿಕ್ಕಾಗ ಎರಡು ತಿಂಗಳು ದಾಟಿತ್ತು. ಕಡತದ ನಡುವೆ ಅರ್ಧ ಹಾಳೆಯ ಒಂದು ವರದಿ ಇತ್ತು. ಗ್ರಾಮದಲ್ಲಿ ಇರುವ ಜಾನುವಾರು 310, ಆದ್ದರಿಂದ ಹೆಚ್ಚುವರಿ ಗೋಮಾಳ ಲಭ್ಯವಿದೆ ಅಂತ.

ಈ ಅರ್ಧ ಹಾಳೆಯೇ ಕತೆಯ ಜೀವ. ಕರ್ನಾಟಕ ಭೂಕಂದಾಯ ನಿಯಮಗಳು, 1966 ಅಂತ ಇವೆ. ಅದರ 97ನೇ ನಿಯಮದ ಪ್ರಕಾರ ಒಂದು ಊರಿನ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಉಳಿಸಬೇಕು. ಸುಮಾರು 30 ಎಕರೆ ಅನ್ನಿ. ಅದಕ್ಕಿಂತ ಜಾಸ್ತಿ ಇದ್ದರೆ ಆ ಹೆಚ್ಚುವರಿಯಲ್ಲಿ ಮಂಜೂರಾತಿಗೆ ದಾರಿ ಇದೆ. ಹಾಗಾಗಿ ಗೋಮಾಳ ನುಂಗಬೇಕು ಅಂದರೆ ಜೆಸಿಬಿ ತಂದು ರಾತ್ರೋರಾತ್ರಿ ಬೇಲಿ ಹಾಕೋದು ಕೊನೆಯ ಕೆಲಸ. ಮೊದಲ ಕೆಲಸ ದನಗಳ ಸಂಖ್ಯೆ ಇಳಿಸೋದು. 310 ಅಂದರೆ ಹತ್ತಿರ ಹತ್ತಿರ 92 ಎಕರೆ ಸಾಕು. 205ರಲ್ಲಿ 113 ಎಕರೆ ಹೆಚ್ಚುವರಿ ಆಗಿಬಿಟ್ಟಿತು. ಒಂದು ಪೆನ್ನು ಸಾಕು ಇದಕ್ಕೆ.

310 ಅನ್ನೋದು ಸುಳ್ಳಾ? ಅದೂ ಅಲ್ಲ. ಮನೆ ಮನೆಗೆ ಹೋಗಿ ಎಣಿಸಿದರೆ ಅಷ್ಟೇ ಸಿಗುತ್ತಿತ್ತು. ಆದರೆ ದೇವರ ಎತ್ತಿಗೆ ಮನೆ ಎಲ್ಲಿದೆ? ತಾತನ ರೊಪ್ಪದಲ್ಲಿ ನಾನೂರರ ಮೇಲೆ ಇದ್ದವು, ಯಾರ ಮನೆ ಲೆಕ್ಕಕ್ಕೂ ಬಂದಿರಲಿಲ್ಲ. ನಾನೂರು ಅಂತಲೇ ಹಿಡಿದರೂ ಒಟ್ಟು 710. ಅದಕ್ಕೆ ಬೇಕಾದ ಗೋಮಾಳ 210 ಎಕರೆ. ಇರೋದೇ 205. ಹೆಚ್ಚುವರಿ ಅನ್ನೋದೇ ಇಲ್ಲ, ಐದು ಎಕರೆ ಕೊರತೆ.

ಆ ಭಾಗದ ಜನರಿಗೆ ಇದು ಯಾಕೆ ಇಷ್ಟು ಸುಡುತ್ತೆ ಅಂತ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ತಳಿಯ ದನ ಮೇಯೋಕೆ ಅಂತ ಬಿಟ್ಟಿದ್ದ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದ ಮೇಲೆ ದನ, ಕುರಿ ಎಲ್ಲಿಗೆ ಹೋಗಬೇಕು? ಉಳಿದ ಗೋಮಾಳಕ್ಕೆ. ಕಾವಲು ಬೇರೆ, ಗೋಮಾಳ ಬೇರೆ, ಕಾನೂನಿನ ಹೆಸರುಗಳು ಬೇರೆ. ದನಕ್ಕೆ ಎರಡೂ ಹುಲ್ಲೇ.

ತಿಪ್ಪೇಶ ವರದಿಯನ್ನು ಫೋನಿನಲ್ಲೇ ಟೈಪ್ ಮಾಡಿ ವಾಟ್ಸಾಪಿನಲ್ಲಿ ಡೆಸ್ಕಿಗೆ ಕಳಿಸಿದ. ಎಚ್ಚರದಿಂದ ಬರೆದಿದ್ದ. ಸಾಹುಕಾರರ ಹೆಸರು ಎಲ್ಲೂ ಇರಲಿಲ್ಲ. ಕಡತದಲ್ಲಿ ಏನಿದೆ, ನಿಯಮ ಏನು ಹೇಳುತ್ತೆ, ಕಿಲಾರಿ ಏನಂದ, ತಹಶೀಲ್ದಾರರು ಪರಿಶೀಲಿಸ್ತೀವಿ ಅಂದರು, ಅಷ್ಟೇ. ಮೇಲೆ ಅವನು ಕೊಟ್ಟ ತಲೆಬರಹ "ಗೋಮಾಳ ಮಂಜೂರಾತಿ: ಜಾನುವಾರು ಲೆಕ್ಕದ ಬಗ್ಗೆ ಗ್ರಾಮಸ್ಥರ ಆಕ್ಷೇಪ".

ಮರುದಿನ ಪತ್ರಿಕೆಯಲ್ಲಿ ಬಂದದ್ದು "ಗೋಮಾಳ ನುಂಗಿದ ಪ್ರಭಾವಿಗಳು".

ಕತೆಯಲ್ಲಿ ಡೆಸ್ಕಿನವನು ಇದನ್ನು ಬದಲಾಯಿಸುತ್ತಾನೆ. ಈ ಕೆಲಸ ನಾನು ಎಷ್ಟು ಸಲ ಮಾಡಿದ್ದೇನೆ ಗೊತ್ತಿಲ್ಲ. ರಾತ್ರಿ ಹತ್ತೂವರೆ, ಪುಟ ಕಟ್ಟುವ ಅವಸರ, ಎರಡು ಕಾಲಮ್ಮಿಗೆ ಮೂರು ಪದ ಬೇಕು. "ಆರೋಪ", "ಆಕ್ಷೇಪ" ಅನ್ನೋ ಪದಗಳು ಜಾಗ ತಿನ್ನುತ್ತವೆ ಅಂತ ಕಿತ್ತುಹಾಕಿದ್ದೇನೆ. ಡೆಸ್ಕಿನಲ್ಲಿ ಅದು ಮೂರು ಅಕ್ಷರದ ಉಳಿತಾಯ. ಆ ಊರಲ್ಲಿ ಬೆಳಗ್ಗೆ ಅದನ್ನು ಕೈಯಾರೆ ಹಂಚಬೇಕಾದವನಿಗೆ ಏನು ಅಂತ ನನಗೆ ಬಹಳ ತಡವಾಗಿ ತಿಳಿಯಿತು.

ಅವನು ಬೈಲೈನ್ ಬೇಡ ಅಂದಿದ್ದ, ಹಾಕಿರಲಿಲ್ಲ. ಏನು ಉಪಯೋಗ? ಆ ಹೋಬಳಿಗೆ ಆ ಪತ್ರಿಕೆಯ ಸುದ್ದಿಗಾರ ಒಬ್ಬನೇ. ಬಸ್ ಸ್ಟ್ಯಾಂಡಿನ ಮಬ್ಬಿನಲ್ಲಿ ಬಂಡಲ್ ಬಿಚ್ಚಿ ತಲೆಬರಹ ನೋಡಿದಾಗ ಅವನಿಗೆ ಮೊದಲು ಅನ್ನಿಸಿದ್ದು ಇವತ್ತು ಸಾಹುಕಾರರ ಮನೆಗೆ ಪೇಪರ್ ಹಾಕೋದು ಬೇಡ ಅಂತ. ಆಮೇಲೆ ಅನ್ನಿಸಿತು, ಹಾಕದೇ ಇದ್ದರೆ ಹೆದರಿದ ಅಂತ ಆಗುತ್ತೆ. ಗೇಟಿನ ಮೇಲಿಂದ ದಿನಾ ಎಸೆಯುವ ಹಾಗೇ ಎಸೆದ. ಒಳಗೆ ನಾಯಿ ಬೊಗಳಿತು. ದಿನಾ ಬೊಗಳದ ನಾಯಿ ಅದು.

ಇಡೀ ದಿನ ಏನೂ ಆಗಲಿಲ್ಲ. ಸಂಜೆ ಅವನ ಸೋದರಮಾವ ಬಂದ.

ಮಾವ ಸಾಹುಕಾರರ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಅಕ್ಕನ ಮನೆಗೆ ಬಂದ ಹಾಗೆ ಬಂದ. ಚಪ್ಪಲಿ ಬಿಟ್ಟು ಕಟ್ಟೆ ಮೇಲೆ ಕೂತ. ಟೀ ಕುಡಿದ. ಮಳೆ ವಿಷಯ ಮಾತಾಡಿದ. ಏಳುವ ಮುಂಚೆ ಹೇಳಿದ.

"ಅಳಿಯ, ಸಾಹುಕಾರ್ರು ಬಾಳ ಬೇಜಾರ್ ಮಾಡ್ಕೊಂಡಾರೆ. ನಿಮ್ಮಪ್ಪಂದೂ ಅದೇ ಗೋಮಾಳದಾಗೆ ಎರಡ್ ಎಕ್ರೆ ಅರ್ಜಿ ಐತಲ್ಲ, ಅದ್ರ ಮ್ಯಾಲೆ ಯಾರ ಕಣ್ಣೂ ಬೀಳಬಾರದು ನೋಡು. ಯುಗಾದಿ ಜಾಹೀರಾತಿನ ಮೂರ್ ಸಾವ್ರ ನಿನ್ ಫೋನಿಗೇ ಹಾಕಿದ್ರಂತಲ್ಲ. ಅದೂ ಅವ್ರ ಹತ್ರ ಐತೆ." ಚಪ್ಪಲಿ ಮೆಟ್ಟಿಕೊಂಡ. "ರಾತ್ರಿ ಹೊತ್ನಾಗೆ ಚಳ್ಳಕೆರೆ ರೋಡಲ್ಲಿ ಗಾಡಿ ಓಡಿಸ್ಬ್ಯಾಡಪ್ಪ. ಲಾರಿ ಜಾಸ್ತಿ."

ಈ ಮಾತುಗಳನ್ನು ಬರೆಯೋಕೆ ನನಗೆ ಬಹಳ ದಿನ ಹಿಡಿಯಿತು. ಮೊದಲು ಬರೆದಾಗ ಮಾವನನ್ನು ಕೆಟ್ಟವನ ಹಾಗೆ ಮಾಡಿದ್ದೆ. ಅದು ತಪ್ಪು ಅನ್ನಿಸಿತು. ಅವನಿಗೆ ಅಳಿಯನ ಮೇಲೆ ನಿಜವಾಗಿ ಪ್ರೀತಿ ಇದೆ, ಅವನು ನಿಜವಾಗಿ ಹೆದರಿದ್ದಾನೆ. ನನಗೆ ಫೋನ್ ಮಾಡಿದ ಸುದ್ದಿಗಾರರು ಹೇಳಿದ್ದೂ ಇದೇ. ಬೆದರಿಕೆ ಮೊದಲು ಬರೋದು ನಮ್ಮವರ ಬಾಯಲ್ಲಿ. ಮಾವ, ಮೇಷ್ಟ್ರು, ಜೊತೆಗೆ ಓದಿದವನು. ಬುದ್ಧಿಮಾತಿನ ರೂಪದಲ್ಲಿ ಬರುತ್ತೆ, ಹಾಗಾಗಿ ದೂರು ಕೊಡೋಕೂ ಆಗಲ್ಲ. ಲಾರಿ ಜಾಸ್ತಿ ಅಂದದ್ದು ಅಪರಾಧ ಅಂತ ಯಾವ ಠಾಣೆಯಲ್ಲಿ ಹೇಳೋದು? ಅಮ್ಮನ ತಮ್ಮನ ಮೇಲೆ ಹೇಳೋದಾ?

ಆ ಮೂರು ಸಾವಿರದ ವಿಷಯವನ್ನು ಹಗುರವಾಗಿ ತಗೋಬೇಡಿ, ದಯವಿಟ್ಟು. ಜಾಹೀರಾತಿನ ದುಡ್ಡು ತಿಪ್ಪೇಶನ ಸ್ವಂತ ಫೋನ್ ನಂಬರಿಗೆ ಬಂದಿದೆ, ಅವನು ಅದನ್ನು ಪತ್ರಿಕೆಗೆ ಕಟ್ಟಿದ್ದಾನೆ. ಆದರೆ ಸಾಹುಕಾರರ ಕೈಯಲ್ಲಿರೋ ಕಾಗದದಲ್ಲಿ ಕಾಣೋದು ಮೊದಲಿನ ಅರ್ಧ ಮಾತ್ರ. ಇಂತಿಂಥ ತಾರೀಖು ದುಡ್ಡು ಕೊಟ್ಟೆ, ಇನ್ನೂ ಜಾಸ್ತಿ ಕೇಳಿದ, ಕೊಡದೇ ಇದ್ದದ್ದಕ್ಕೆ ಬರೆದ. ಸುಲಿಗೆ ಅಂತ ದೂರು ಕೊಡೋಕೆ ಇಷ್ಟು ಸಾಕು. ಜಾಹೀರಾತಿನ ಒಂದು ರೂಪಾಯಿಯೂ ನಿಮ್ಮ ಸ್ವಂತ ಖಾತೆಗೆ ಬರದಿರಲಿ, ನೇರ ಪತ್ರಿಕೆಯ ಖಾತೆಗೆ ಹೋಗಲಿ. ಹಳೆಯದ್ದಕ್ಕೆಲ್ಲ ಪತ್ರಿಕೆಯಿಂದ ರಸೀದಿ ತರಿಸಿ ಇಟ್ಟುಕೊಳ್ಳಿ. ಇದನ್ನು ವ್ಯವಸ್ಥೆ ಮಾಡಬೇಕಾದದ್ದು ಪತ್ರಿಕೆಯವರು. ಅವರು ಮಾಡಲ್ಲ, ಅದಕ್ಕೇ ನಿಮಗೆ ಹೇಳ್ತಿದ್ದೀನಿ.

ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಇದರಲ್ಲಿ ಮಾವನ ಮಾತಿನ ನಯ ಇರಲಿಲ್ಲ. ನಲವತ್ತೊಂದು ಸೆಕೆಂಡು. ಕಾಲು ಮುರೀತೀವಿ, ಅಂಗಡಿಗೆ ಬೆಂಕಿ ಇಡ್ತೀವಿ, ನಾಳೆ ತಪ್ಪಾಯ್ತು ಅಂತ ಪೇಪರಲ್ಲಿ ಬರಬೇಕು. ತಿಪ್ಪೇಶನ ಫೋನಿನಲ್ಲಿ ರೆಕಾರ್ಡ್ ಆಗಲಿಲ್ಲ. ಕೈ ನಡುಗುತ್ತಿತ್ತು. ಆದರೂ ಒಂದು ಒಳ್ಳೆ ಕೆಲಸ ಮಾಡಿದ. ದೀಪ ಹಾಕಿ ಅವತ್ತಿನ ಪೇಪರಿನ ಅಂಚಿನಲ್ಲೇ ಫೋನ್ ಬಂದ ಗಂಟೆ, ನಂಬರು, ಎಷ್ಟು ಹೊತ್ತು, ಅವರು ಅಂದ ಮಾತು ಅಂದ ಹಾಗೇ ಬರೆದ. ಬೈಗುಳ ಸಮೇತ. ಬೆಳಗ್ಗೆ ಹೊತ್ತಿಗೆ ನೆನಪು ಮಾತನ್ನು ಮೆತ್ತಗೆ ಮಾಡಿಬಿಡುತ್ತೆ, ಅಥವಾ ಭಯ ಅದನ್ನು ಇನ್ನೂ ದೊಡ್ಡದು ಮಾಡುತ್ತೆ. ಆ ಕ್ಷಣ ಬರೆದದ್ದರ ತೂಕ ಬೇರೆ. ಕರೆಯ ಪಟ್ಟಿಯ ಫೋಟೋ ತೆಗೆದಿಟ್ಟ.

ಒಂದು ವೇಳೆ ರೆಕಾರ್ಡ್ ಆಗಿದ್ದರೆ? ಅದನ್ನು ನಾಲ್ಕು ಗ್ರೂಪಿಗೆ ಕಳಿಸಿ ಆಮೇಲೆ ಫೋನ್ ಬದಲಾಯಿಸಿದವರನ್ನು ನೋಡಿದ್ದೇನೆ. ಕೋರ್ಟಿನಲ್ಲಿ ಆ ಧ್ವನಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತೆ. ಹಾಗಾಗಿ ಮೂಲ ಫೈಲು, ಅದು ಇರುವ ಮೂಲ ಫೋನು ಹಾಗೇ ಇರಲಿ.

ಬರೆದಿಟ್ಟ ಮೇಲೆ ಅವನು ಡೆಸ್ಕಿಗೆ ಫೋನ್ ಮಾಡಿದ.

ಡೆಸ್ಕಿನವನು ಅಂದ, "ಮಲ್ಕೋ ಮಾರಾಯ, ನಾಳೆ ನೋಡೋಣ."

ಈ ಸಾಲು ನಾನು ಕಟ್ಟಿದ್ದಲ್ಲ. ನಾನು ಒಬ್ಬ ಹುಡುಗನಿಗೆ ನಿಜವಾಗಿ ಅಂದ ಮಾತು. ಆ ರಾತ್ರಿ ಪುಟ ಹೋಗಿತ್ತು, ನಿದ್ದೆ ಬರುತ್ತಿತ್ತು, ದಿನಾ ಇಂಥ ಫೋನ್ ಬರ್ತಾವೆ ಅಂದುಕೊಂಡೆ. ಅವನು ಆಮೇಲೆ ಸುದ್ದಿ ಕಳಿಸೋದನ್ನೇ ಬಿಟ್ಟ. ಯಾಕೆ ಅಂತ ನಾನು ಕೇಳಲೂ ಇಲ್ಲ. ಈ ಕತೆ ಬರೆದದ್ದು ಅವನಿಗಾಗಿ.

ಬೆಳಗ್ಗೆ ತಿಪ್ಪೇಶ ಠಾಣೆಗೆ ಹೋದ. ಬರೆದ ದೂರು, ಎರಡು ಪ್ರತಿ. "ಮಾನ್ಯತೆ ಕಾರ್ಡ್ ಎಲ್ಲಿ?" ಅಂದರು. ಇಲ್ಲ. "ಪತ್ರಿಕೆಯಿಂದ ಲೆಟರ್?" ಅದೂ ಇಲ್ಲ. ದೂರು ತಗೊಂಡರು, ಆದರೆ ಎಫ್ಐಆರ್ ಆಗಲಿಲ್ಲ. ಇಲ್ಲಿ ಬಹಳ ಜನ ಪೊಲೀಸರನ್ನು ಬೈತಾರೆ, ಸ್ವಲ್ಪ ಕಾನೂನು ತಿಳಿದಿರಲಿ. ಬೆದರಿಕೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮು. ಕೊಲ್ತೀನಿ, ಬೆಂಕಿ ಇಡ್ತೀನಿ ಅಂದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಯಾರು ಅಂತ ಗೊತ್ತಾಗದ ಹಾಗೆ ಹೆದರಿಸಿದರೆ ಇನ್ನೂ ಎರಡು ವರ್ಷದವರೆಗೆ ಸೇರಬಹುದು. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪಟ್ಟಿಯಲ್ಲಿ ಇದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರು ಮಾಡೋ ಹಾಗಿಲ್ಲ. ಎನ್‌ಸಿ ಅಂತ ಪುಸ್ತಕದಲ್ಲಿ ಬರೆದುಕೊಂಡು ಕೋರ್ಟಿಗೆ ಹೋಗಿ ಅಂತಾರೆ. ನೀವು ಕೇಳಬೇಕಾದದ್ದು ಆ ಎನ್‌ಸಿ ನಂಬರು ಮತ್ತು ನಿಮ್ಮ ಪ್ರತಿಯ ಮೇಲೆ ಠಾಣೆಯ ಸೀಲು. ಮುಂದೆ ಯಾರಾದರೂ ನಿಮ್ಮ ಮೇಲೆ ಸುಲಿಗೆ ದೂರು ಕೊಟ್ಟರೆ, ಅದಕ್ಕಿಂತ ಮುಂಚೆಯೇ ನೀವು ಬೆದರಿಕೆ ಬಗ್ಗೆ ಹೇಳಿದ್ದಿರಿ ಅಂತ ತೋರಿಸೋದು ಆ ತಾರೀಖು.

ಮೂರನೇ ದಿನ ಠಾಣೆಯಿಂದ ಕರೆ ಬಂತು, ಎರಡೂ ಕಡೆಯವರು ಬನ್ನಿ ಅಂತ. ಸಾಹುಕಾರರು ಬರಲಿಲ್ಲ, ಡ್ರೈವರ್ ಬಂದ. ಸಬ್ ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. ಊರಲ್ಲಿ ಗಲಾಟೆ ಬೇಡ ಅನ್ನೋದಷ್ಟೇ ಅವರ ಆಸೆ. ಮುಚ್ಚಳಿಕೆ ಬರೆಸಿದ್ದರು. ಇಬ್ಬರೂ ಶಾಂತಿಯಿಂದ ಇರ್ತೀವಿ ಅಂತ. ತಿಪ್ಪೇಶ ಓದಿದ. ನಾಲ್ಕನೇ ಸಾಲು ಹೀಗಿತ್ತು: "ಇನ್ನು ಮುಂದೆ ಸದರಿ ಜಮೀನಿನ ವಿಚಾರವಾಗಿ ಯಾವುದೇ ವರದಿ ಮಾಡುವುದಿಲ್ಲ."

ಬೆದರಿಕೆ ಹಾಕಿದವರಿಗೆ ಬೇಕಾಗಿದ್ದದ್ದು ಇದೇ. ಅದು ಈಗ ಸರ್ಕಾರಿ ಕಾಗದದಲ್ಲಿ, ಇವನ ಸಹಿಗಾಗಿ ಕಾಯುತ್ತಾ ಮೇಜಿನ ಮೇಲೆ ಕೂತಿತ್ತು. ಠಾಣೆಯಲ್ಲಿ ಅವಸರ ಮಾಡ್ತಾರೆ, ಹೊರಗೆ ಮನೆಯವರು ಕಾಯ್ತಿರ್ತಾರೆ, ಸಹಿ ಹಾಕಿ ಎದ್ದರೆ ಸಾಕು ಅನ್ನಿಸುತ್ತೆ. ಓದದೆ ಸಹಿ ಹಾಕಿದವರು ನಿಮ್ಮಲ್ಲೂ ಇರಬಹುದು. ತಿಪ್ಪೇಶ ಹೇಳಿದ, "ಸಾರ್, ಮೂರು ಸಾಲಿಗೆ ಸಹಿ ಹಾಕ್ತೀನಿ. ನಾಲ್ಕನೇದಕ್ಕೆ ಹಾಕಲ್ಲ." ರೈಟರ್ ಬೇಜಾರಿನಿಂದ ನೋಡಿದ. ಅಷ್ಟರಲ್ಲಿ ಡೆಸ್ಕಿನಿಂದ ಒಂದು ಪತ್ರ ಫೋನಿಗೆ ಬಂತು, ಪತ್ರಿಕೆಯ ತಲೆಹಾಳೆಯಲ್ಲಿ. ಈತ ನಮ್ಮ ಸುದ್ದಿಗಾರ, ಈ ವರದಿಯ ಹೊಣೆ ಪತ್ರಿಕೆಯದು, ಜಾಹೀರಾತಿನ ಮೂರು ಸಾವಿರ ನಮಗೆ ಜಮೆಯಾಗಿದೆ. ಮೂರು ವಾಕ್ಯ. ಕತೆಯಲ್ಲಿ ಡೆಸ್ಕಿನವನು ಅದನ್ನು ಕಳಿಸುತ್ತಾನೆ. ನಾನು ಅವತ್ತು ಕಳಿಸಲಿಲ್ಲ, ಕಳಿಸಬಹುದಾಗಿತ್ತು, ಹತ್ತು ನಿಮಿಷದ ಕೆಲಸ. ಮುಚ್ಚಳಿಕೆಯನ್ನು ಹೊಸ ಹಾಳೆಯಲ್ಲಿ ಬರೆದರು, ಮೂರೇ ಸಾಲು.

ಮನೆಗೆ ಬಂದು ಊಟಕ್ಕೆ ಕೂತಾಗ ತಿಪ್ಪೇಶನಿಗೆ ಮಾವನ ಮೊದಲ ಮಾತು ಮತ್ತೆ ನೆನಪಾಯಿತು. ಅಪ್ಪನ ಅರ್ಜಿ. ಅಪ್ಪ ಆ ಎರಡು ಎಕರೆಯಲ್ಲಿ ಇವನು ಹುಟ್ಟೋಕೆ ಮುಂಚೆಯಿಂದ ಶೇಂಗಾ ಹಾಕುತ್ತಿದ್ದಾನೆ. ಕಲ್ಲು ಆರಿಸಿದ್ದು, ಬದು ಹಾಕಿದ್ದು ಎಲ್ಲ ಅವನೇ. ನಮೂನೆ 57 ತುಂಬಿದ್ದು ಇದೇ ತಿಪ್ಪೇಶ. ಸಾಹುಕಾರರು ಅದನ್ನು ವಜಾ ಮಾಡಿಸಬಹುದು ಅಂತ ಹೆದರಿದ್ದ ಅವನು. ಅನ್ನ ಕಲಸುತ್ತಾ ಲೆಕ್ಕ ಹಾಕಿದ. 710 ದನ, 210 ಎಕರೆ, ಇರೋದು 205. ಹೆಚ್ಚುವರಿ ಗೋಮಾಳ ಇಲ್ಲ ಅಂತ ಆದರೆ ಸಾಹುಕಾರರ 44 ಎಕರೆ ಮಾತ್ರ ಹೋಗಲ್ಲ. ಅಪ್ಪನ ಎರಡು ಎಕರೆಗೂ ಅದೇ ನಿಯಮ. ಅದನ್ನು ವಜಾ ಮಾಡಿಸೋಕೆ ಸಾಹುಕಾರರು ಏನೂ ಮಾಡಬೇಕಾಗಿರಲಿಲ್ಲ. ಇವನ ವರದಿಯೇ ಸಾಕಿತ್ತು.

ಅಪ್ಪನಿಗೆ ಹೇಳಿದ. ಅಪ್ಪ ಕೈ ತೊಳೆದು ಎದ್ದು ಹೋದ. ಏನೂ ಅನ್ನಲಿಲ್ಲ. ಅವತ್ತೂ, ಮರುದಿನವೂ.

ಈ ಭಾಗ ಓದಿದ ಒಬ್ಬ ಗೆಳೆಯರು ನನ್ನ ಜೊತೆ ಜಗಳ ಆಡಿದರು. ನಿಜವಾಗಿ ಉತ್ತವನಿಗೂ ಬೇನಾಮಿಗೂ ಒಂದೇ ನಿಯಮ ಅಂದರೆ ಅನ್ಯಾಯ, ಕತೆಯಲ್ಲಿ ಅಪ್ಪನಿಗೆ ಏನಾದರೂ ದಾರಿ ಮಾಡಿ ಅಂದರು. ಅನ್ಯಾಯ ಹೌದು. ಆದರೆ ನನಗೆ ಗೊತ್ತಿರುವ ಊರುಗಳಲ್ಲಿ ಗೋಮಾಳದ ಅಂಚಿನಲ್ಲಿ ಒಂದೆರಡು ಎಕರೆ ಉಳುವ ಬಡವರು ಇದ್ದೇ ಇರ್ತಾರೆ, ದೊಡ್ಡವರು ಅವರನ್ನು ಮುಂದೆ ನಿಲ್ಲಿಸಿಕೊಂಡೇ ಒಳಗೆ ಬರ್ತಾರೆ. ಹಾಗಾಗಿ ದೊಡ್ಡವರ ಮೇಲೆ ಬರೆದರೆ ಮೊದಲು ಸಿಟ್ಟಾಗೋದು ಪಕ್ಕದ ಮನೆಯವನು. ಅದನ್ನು ಕತೆಯಿಂದ ತೆಗೆದರೆ ತಿಪ್ಪೇಶ ಯಾಕೆ ಒಂಟಿಯಾದ ಅನ್ನೋದೇ ಯಾರಿಗೂ ತಿಳಿಯಲ್ಲ.

ವರದಿ ಬಂದ ಹನ್ನೆರಡನೇ ದಿನ ತಾಲ್ಲೂಕು ಕಚೇರಿಯಿಂದ ಮರು ಎಣಿಕೆಗೆ ಆದೇಶ ಆಯಿತು. ಬೆಳಗ್ಗೆ ಆರಕ್ಕೆ ಕಂದಾಯ ನಿರೀಕ್ಷಕರು, ಊರಿನ ಕಂದಾಯ ದಾಖಲೆ ನೋಡುವ ವಿಎ, ಪಶು ಆಸ್ಪತ್ರೆಯವರು ಒಬ್ಬರು ರೊಪ್ಪದ ಹತ್ತಿರ ಬಂದರು. ದನ ಮೇಯೋಕೆ ಹೊರಡುವ ಮುಂಚೆ ಎಣಿಸಬೇಕು, ಬಯಲಿಗೆ ಬಿಟ್ಟ ಮೇಲೆ ಆಗಲ್ಲ. ಪಂಚನಾಮೆಗೆ ಐದು ಜನರ ಸಹಿ ಬೇಕು ಅಂದರು ನಿರೀಕ್ಷಕರು. ಊರಿನವರು ದೂರದಲ್ಲಿ ಬೀಡಿ ಹಚ್ಚಿಕೊಂಡು ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ. ತಾತ ಹೆಬ್ಬೆಟ್ಟು ಒತ್ತೋಕೆ ರೆಡಿ ಇದ್ದ, ಇನ್ನಿಬ್ಬರು ಕಿಲಾರಿ ಹುಡುಗರು ಇದ್ದರು.

ಆಗ ಅಪ್ಪ ಬಂದ. ಹೆಗಲ ಮೇಲೆ ಟವೆಲ್ಲು, ಅದರ ತುದಿಯಲ್ಲಿ ಹುಣಸೆಬೀಜ ಕಟ್ಟಿಕೊಂಡಿದ್ದ. ಅವನ ಹಿಂದೆ ಅವನ ಜೊತೆಯ ಇನ್ನೊಬ್ಬ ಮುದುಕ. ತಿಪ್ಪೇಶನ ಮುಖ ನೋಡಲಿಲ್ಲ. ರೊಪ್ಪದ ಬಾಯಿಯ ಒಂದು ಪಕ್ಕ ಕುಕ್ಕರಗಾಲಲ್ಲಿ ಕೂತು ಟವೆಲ್ ಹಾಸಿದ. ತಾತ ಮುಳ್ಳಿನ ಕೊಂಬೆ ಎಳೆದ. ಎತ್ತುಗಳು ಒಂದೊಂದೇ, ಎರಡೆರಡೇ ಹೊರಗೆ ಬಂದವು. ವಿಎ ಫೋನಿನಲ್ಲಿ ಎಣಿಸುತ್ತಿದ್ದರು, ತಿಪ್ಪೇಶ ಪುಸ್ತಕದಲ್ಲಿ ಐದೈದು ಗೀಟು ಹಾಕುತ್ತಿದ್ದ, ಅಪ್ಪ ಎತ್ತಿಗೊಂದು ಬೀಜ ಎಡದಿಂದ ಬಲಕ್ಕೆ ಸರಿಸುತ್ತಿದ್ದ. ಧೂಳು ಎದ್ದಿತು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಎದೆ ಸೀಳಿದ್ದ ಎತ್ತು ಕುಂಟುತ್ತಾ ಬಂತು, ಗಾಯಕ್ಕೆ ಅರಿಶಿನ ಹಚ್ಚಿದ್ದರು.

ನಿರೀಕ್ಷಕರು ಕೇಳಿದರು, "ಎಷ್ಟಾಯ್ತು?"

ವಿಎ ಅಂದರು, "ನಾನೂರ ಹನ್ನೊಂದು." ತಿಪ್ಪೇಶನ ಗೀಟುಗಳೂ ಅಷ್ಟೇ ಇದ್ದವು. ಅವನು ಅದನ್ನೇ ಬರೆಯೋಕೆ ಹೊರಟ.

ಅಪ್ಪ ತಲೆ ಎತ್ತಲಿಲ್ಲ. ಬಲಗಡೆಯ ರಾಶಿಗೆ ಬೆರಳಿಟ್ಟು ಹೇಳಿದ, "ಒಂದ್ ಕಮ್ಮಿ ಬರ್ಕೊಂಡೀರ. ಆ ಬಿಳೇ ಹಸುವಿನ ಮಗ್ಗುಲಾಗೆ ಒಂದ್ ಕರ ಹೋಯ್ತು. ಹನ್ನೆರಡು."